ವೆಚ್ಚ-ಪರಿಣಾಮಕಾರಿತ್ವ ಫಲಿತಾಂಶದ ಕಂಡಿಕೆ

ವೆಚ್ಚ-ಪರಿಣಾಮಕಾರಿತ್ವ ಫಲಿತಾಂಶದ ಕಂಡಿಕೆ ಎಂದರೆ ಆರೋಗ್ಯ ಅರ್ಥಶಾಸ್ತ್ರದ ಅಧ್ಯಯನ ವರದಿಯಲ್ಲಿ ಮೂರು ಸಂಗತಿಗಳನ್ನು ಒಟ್ಟಿಗೆ ತಿಳಿಸುವ ಭಾಗ. ಒಂದು ಚಿಕಿತ್ಸೆ ಅಥವಾ ಕಾರ್ಯಕ್ರಮವು ಇನ್ನೊಂದಕ್ಕಿಂತ ಎಷ್ಟು ಹೆಚ್ಚು ಖರ್ಚು ತರುತ್ತದೆ, ಎಷ್ಟು ಹೆಚ್ಚು ಆರೋಗ್ಯ ತರುತ್ತದೆ, ಆ ಎರಡು ಅಂದಾಜುಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುವೇ ಆ ಮೂರು. ಇದನ್ನು ಓದುವವರಲ್ಲಿ ಹೆಚ್ಚಿನವರು ಸಂಖ್ಯಾಶಾಸ್ತ್ರಜ್ಞರಲ್ಲ. ಆರೋಗ್ಯ ಇಲಾಖೆಯ ಅಧಿಕಾರಿಗಳು, ವಿಮಾ ಯೋಜನೆಯ ನಿರ್ವಾಹಕರು ಮತ್ತು ಸಲಹಾ ಸಮಿತಿಯ ಸದಸ್ಯರು ವರದಿಯ ಉಳಿದ ಪುಟಗಳನ್ನು ಬಿಟ್ಟರೂ ಈ ಕಂಡಿಕೆಯನ್ನು ಮಾತ್ರ ಓದುತ್ತಾರೆ. ಆದಕಾರಣ ಇಲ್ಲಿ ನುಸುಳಿದ ತಪ್ಪು ನೇರವಾಗಿ ನಿರ್ಧಾರದೊಳಕ್ಕೆ ಹೋಗುತ್ತದೆ.

ಆರೋಗ್ಯದ ಲಾಭವನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಮಾನವು ಗುಣಮಟ್ಟಕ್ಕೆ ಹೊಂದಿಸಿದ ಜೀವಿತವರ್ಷ. ಇದನ್ನು ಸಂಕ್ಷೇಪವಾಗಿ ಕ್ವಾಲಿ ಎನ್ನುತ್ತಾರೆ. ಪೂರ್ಣ ಆರೋಗ್ಯದಲ್ಲಿ ಕಳೆದ ಒಂದು ವರ್ಷ 1 ಕ್ವಾಲಿ; ಅರ್ಧದಷ್ಟು ಗುಣಮಟ್ಟದ ಆರೋಗ್ಯದಲ್ಲಿ ಕಳೆದ ಒಂದು ವರ್ಷ 0.5 ಕ್ವಾಲಿ. ಎರಡು ಆಯ್ಕೆಗಳ ನಡುವಿನ ವೆಚ್ಚದ ವ್ಯತ್ಯಾಸವನ್ನು ಅವುಗಳ ಕ್ವಾಲಿ ವ್ಯತ್ಯಾಸದಿಂದ ಭಾಗಿಸಿದಾಗ ದೊರೆಯುವುದು ಹೆಚ್ಚುವರಿ ವೆಚ್ಚ-ಪರಿಣಾಮ ಅನುಪಾತ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದು ಐಸರ್ ಎಂದು ಪ್ರಸಿದ್ಧವಾಗಿದೆ. ಒಂದು ಹೆಚ್ಚಿನ ಕ್ವಾಲಿಯನ್ನು ಪಡೆಯಲು ಎಷ್ಟು ಹೆಚ್ಚು ಹಣ ತೆರಬೇಕು ಎಂಬ ಪ್ರಶ್ನೆಗೆ ಇದು ಉತ್ತರ.

## ಹೋಲಿಕೆಯ ಮೆಟ್ಟಿಲುಗಳು

ಐಸರ್ ಎಂಬುದು ಒಂದು ಚಿಕಿತ್ಸೆಯ ಸ್ವಂತ ಗುಣವಲ್ಲ. ಎರಡು ಚಿಕಿತ್ಸೆಗಳ ನಡುವಿನ ಸಂಬಂಧ. ಯಾವುದರೊಂದಿಗೆ ಹೋಲಿಸಲಾಗಿದೆ ಎಂಬುದನ್ನು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಇದನ್ನು ತಿಳಿಯಲು ಬ್ರಿಟನ್ನಿನಲ್ಲಿ ಬೆನ್ನುನೋವಿನ ಚಿಕಿತ್ಸೆಯನ್ನು ಕುರಿತು ನಡೆದ ಯುಕೆ ಬೀಮ್ ಅಧ್ಯಯನ ಉತ್ತಮ ಉದಾಹರಣೆ. ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ 2004ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 1,334 ಮಂದಿ ಭಾಗವಹಿಸಿದ್ದರು. ಕುಟುಂಬ ವೈದ್ಯರ ಉತ್ತಮ ಆರೈಕೆ ಎಲ್ಲರಿಗೂ ಇತ್ತು. ಕೆಲವರಿಗೆ ಅದರೊಡನೆ ವ್ಯಾಯಾಮದ ತರಗತಿ, ಕೆಲವರಿಗೆ ಬೆನ್ನುಮೂಳೆಯ ಕೈಚಿಕಿತ್ಸೆ, ಇನ್ನು ಕೆಲವರಿಗೆ ಕೈಚಿಕಿತ್ಸೆ ಮತ್ತು ಅನಂತರ ವ್ಯಾಯಾಮ, ಹೀಗೆ ಎರಡನ್ನೂ ನೀಡಲಾಯಿತು. ಒಂದು ವರ್ಷದ ಅವಧಿಯಲ್ಲಿ ದೊರೆತ ಸರಾಸರಿಗಳನ್ನು ವೆಚ್ಚದ ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ಹೀಗಿರುತ್ತದೆ:

| ಆಯ್ಕೆ | ಸರಾಸರಿ ವೆಚ್ಚ | ಸರಾಸರಿ ಕ್ವಾಲಿ |
|---|---|---|
| ಉತ್ತಮ ಆರೈಕೆ ಮಾತ್ರ | £346 | 0.618 |
| ಕೈಚಿಕಿತ್ಸೆ ಮತ್ತು ವ್ಯಾಯಾಮ | £471 | 0.651 |
| ವ್ಯಾಯಾಮ | £486 | 0.635 |
| ಕೈಚಿಕಿತ್ಸೆ | £541 | 0.659 |

ಮೊದಲು ಕಾಣುವುದು ವ್ಯಾಯಾಮದ ಸಾಲು. ಅದರ ವೆಚ್ಚ ಸಂಯುಕ್ತ ಚಿಕಿತ್ಸೆಗಿಂತ ಹೆಚ್ಚು, ಕ್ವಾಲಿ ಕಡಿಮೆ. ಕಡಿಮೆ ಹಣದಲ್ಲಿ ಹೆಚ್ಚು ಆರೋಗ್ಯ ದೊರೆಯುವಾಗ ಹೆಚ್ಚು ಹಣ ಕೊಟ್ಟು ಕಡಿಮೆ ಆರೋಗ್ಯವನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಈ ಸಾಲನ್ನು ಪಟ್ಟಿಯಿಂದ ತೆಗೆಯಬೇಕು. ಉಳಿದ ಮೂರನ್ನು ಮೆಟ್ಟಿಲುಗಳಂತೆ ಭಾವಿಸಿ, ಪ್ರತಿಯೊಂದನ್ನೂ ಅದರ ಕೆಳಗಿನ ಮೆಟ್ಟಿಲಿನೊಂದಿಗೆ ಮಾತ್ರ ಹೋಲಿಸಬೇಕು. ಉತ್ತಮ ಆರೈಕೆಯಿಂದ ಸಂಯುಕ್ತ ಚಿಕಿತ್ಸೆಗೆ ಏರಲು £125 ಹೆಚ್ಚು ಬೇಕು, ದೊರೆಯುವುದು 0.033 ಕ್ವಾಲಿ. ಅನುಪಾತ ಸುಮಾರು £3,800. ಅಲ್ಲಿಂದ ಕೈಚಿಕಿತ್ಸೆಗೆ ಏರಲು ಇನ್ನೂ £70 ಬೇಕು; ದೊರೆಯುವುದು 0.008 ಕ್ವಾಲಿ ಮಾತ್ರ. ಅನುಪಾತ ಸುಮಾರು £8,700. ಪಟ್ಟಿಯ ದುಂಡಾಗಿಸಿದ ಅಂಕಿಗಳಿಂದ ಲೆಕ್ಕ ಹಾಕಿದರೆ £8,750 ಬರುತ್ತದೆ. ಪ್ರಕಟಿತ ಸಂಖ್ಯೆ ದುಂಡಾಗಿಸದ ಅಂಕಿಗಳಿಂದ ಬಂದಿರುವುದರಿಂದ ಈ ಸಣ್ಣ ಅಂತರ. ಇಂತಹ ಕಡೆ ಒಂದು ವಾಕ್ಯದ ವಿವರಣೆ ಇಲ್ಲದಿದ್ದರೆ, ಲೆಕ್ಕ ಹಾಕಿ ನೋಡುವ ಓದುಗರು ವರದಿಯಲ್ಲಿ ತಪ್ಪಿದೆ ಎಂದೇ ಭಾವಿಸುತ್ತಾರೆ.

ಇಲ್ಲಿ ಎರಡು ಬಗೆಯ ತಪ್ಪುಗಳು ಪದೇ ಪದೇ ಕಂಡುಬರುತ್ತವೆ. ಮೊದಲನೆಯದು, £541ನ್ನು 0.659ರಿಂದ ಭಾಗಿಸಿ 'ಒಂದು ಕ್ವಾಲಿಗೆ ಸುಮಾರು £820' ಎಂದು ಬರೆಯುವುದು. ಇದು ಸರಾಸರಿ ಅನುಪಾತ. ರೋಗಿಯು ಏನೂ ಹೆಚ್ಚಿನ ಚಿಕಿತ್ಸೆ ಪಡೆಯದೆಯೇ ಅನುಭವಿಸುತ್ತಿದ್ದ 0.618 ಕ್ವಾಲಿಯ ಶ್ರೇಯಸ್ಸನ್ನೂ ಇದು ಕೈಚಿಕಿತ್ಸೆಗೇ ಕೊಟ್ಟುಬಿಡುತ್ತದೆ. ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಕೈಚಿಕಿತ್ಸೆಯನ್ನು ನೇರವಾಗಿ ಉತ್ತಮ ಆರೈಕೆಯೊಂದಿಗೆ ಹೋಲಿಸಿದರೆ £195ಕ್ಕೆ 0.041 ಕ್ವಾಲಿ, ಅಂದರೆ ಸುಮಾರು £4,800 ಎಂಬ ಆಕರ್ಷಕ ಸಂಖ್ಯೆ ಬರುತ್ತದೆ. ಗಣಿತದಲ್ಲಿ ಇದು ಸರಿ. ಆದರೆ ನಡುವೆ ಇನ್ನೊಂದು ಮೆಟ್ಟಿಲು ಇರುವಾಗ, ಕೊನೆಯ ಅಲ್ಪ ಲಾಭಕ್ಕೆ ತೆರುತ್ತಿರುವ ಹೆಚ್ಚಿನ ಬೆಲೆಯನ್ನು ಅದು ಮರೆಮಾಡುತ್ತದೆ. ಕ್ವಾಲಿಗೆ £6,000 ಮಾತ್ರ ಕೊಡಬಲ್ಲ ಸಂಸ್ಥೆಯು ಆ ಸಂಖ್ಯೆಯನ್ನು ನಂಬಿ ಕೈಚಿಕಿತ್ಸೆಯನ್ನು ಆರಿಸಿಕೊಂಡರೆ ತನ್ನದೇ ಮಿತಿಯನ್ನು ಮೀರಿ £8,700ರ ದರದಲ್ಲಿ ಖರ್ಚು ಮಾಡಿದಂತಾಗುತ್ತದೆ.

ಅನುಪಾತದ ಜೊತೆಗೆ ಅದರ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನೂ ಬರೆಯಬೇಕೆಂಬ ನಿಯಮಕ್ಕೆ ಇದೇ ಕಾರಣ. 0.008 ಕ್ವಾಲಿ ಎಂದರೆ ಪೂರ್ಣ ಆರೋಗ್ಯದ ಸುಮಾರು ಮೂರು ದಿನ. ಅನುಪಾತವನ್ನು ಮಾತ್ರ ಓದಿದವರಿಗೆ ಈ ಸಂಗತಿ ಎಂದೂ ತಿಳಿಯುವುದಿಲ್ಲ.

## ಅನಿಶ್ಚಿತತೆಯನ್ನು ತಿಳಿಸುವ ಬಗೆ

ಅನಿಶ್ಚಿತತೆಯನ್ನು ವಿವರಿಸಲು ಇಲ್ಲಿ ಒಂದು ಕಲ್ಪಿತ ಉದಾಹರಣೆಯನ್ನು ಬಳಸಲಾಗಿದೆ. ಇದರ ಅಂಕಿಗಳು ಯಾವುದೇ ನೈಜ ಅಧ್ಯಯನದವಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯವರ ಪಾದಗಳನ್ನು ದಾದಿಯರು ನಿಯಮಿತವಾಗಿ ಪರೀಕ್ಷಿಸಿ ಆರೈಕೆಯ ಕ್ರಮವನ್ನು ಕಲಿಸುವ ಕಾರ್ಯಕ್ರಮವೊಂದನ್ನು ಈಗಿನ ಪದ್ಧತಿಯೊಂದಿಗೆ ಹೋಲಿಸಲಾಗಿದೆ ಎಂದಿಟ್ಟುಕೊಳ್ಳೋಣ. ಒಂದು ವರ್ಷದಲ್ಲಿ ಪ್ರತಿ ರೋಗಿಗೆ ಹೆಚ್ಚುವರಿ ವೆಚ್ಚ ₹6,000, ಅದರ ಶೇ. 95 ವಿಶ್ವಾಸ ವ್ಯಾಪ್ತಿ ₹2,450ರಿಂದ ₹9,550. ಹೆಚ್ಚುವರಿ ಲಾಭ 0.05 ಕ್ವಾಲಿ, ಅದರ ವ್ಯಾಪ್ತಿ −0.01ರಿಂದ 0.11. ಐಸರ್ ₹1,20,000.

ವೆಚ್ಚಕ್ಕೂ ಲಾಭಕ್ಕೂ ವ್ಯಾಪ್ತಿ ಕೊಟ್ಟಂತೆ ಅನುಪಾತಕ್ಕೂ ಒಂದು ವ್ಯಾಪ್ತಿ ಕೊಡುವುದು ಸಹಜವೆಂದು ತೋರುತ್ತದೆ. ಆದರೆ ತೊಡಕು ಇರುವುದು ಅಲ್ಲಿಯೇ. ಅಧ್ಯಯನದ ದತ್ತಾಂಶದಿಂದ ಸಾವಿರ ಸಲ ಮರುಮಾದರಿಗಳನ್ನು ಎತ್ತಿ, ಪ್ರತಿ ಸಲವೂ ವೆಚ್ಚ ಮತ್ತು ಲಾಭದ ವ್ಯತ್ಯಾಸಗಳನ್ನು ಲೆಕ್ಕ ಹಾಕುವ ವಿಧಾನಕ್ಕೆ ಬೂಟ್‌ಸ್ಟ್ರ್ಯಾಪ್ ಎಂದು ಹೆಸರು. ಮೇಲಿನ ಉದಾಹರಣೆಯಲ್ಲಿ ಇಂತಹ ಸಾವಿರ ಮಾದರಿಗಳ ಪೈಕಿ ಸುಮಾರು 50ರಲ್ಲಿ ಲಾಭವು ಸೊನ್ನೆಗಿಂತ ಕೆಳಗಿರುತ್ತದೆ, ಅಂದರೆ ಹೆಚ್ಚು ಖರ್ಚಾಗಿ ಆರೋಗ್ಯವೂ ಕುಂದಿರುತ್ತದೆ. ಅಲ್ಲಿ ಅನುಪಾತವು ಋಣಸಂಖ್ಯೆ. ಎಲ್ಲ ಅನುಪಾತಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಈ ಅತ್ಯಂತ ಕೆಟ್ಟ ಫಲಿತಾಂಶಗಳೇ ಪಟ್ಟಿಯ 'ಅಗ್ಗದ' ತುದಿಯಲ್ಲಿ ಹೋಗಿ ಕೂರುತ್ತವೆ.

ಇನ್ನೊಂದು ವೈಚಿತ್ರ್ಯವೂ ಇದೆ. ಲಾಭವು 0.001 ಆಗಿದ್ದರೆ ಅನುಪಾತ 60 ಲಕ್ಷ ರೂಪಾಯಿ, −0.001 ಆಗಿದ್ದರೆ ಋಣ 60 ಲಕ್ಷ. ರೋಗಿಯ ಪಾಲಿಗೆ ಈ ಎರಡರ ನಡುವೆ ಒಂದು ದಿನದಷ್ಟೂ ವ್ಯತ್ಯಾಸವಿಲ್ಲ. ಆದರೂ ಪಟ್ಟಿಯಲ್ಲಿ ಅವು ಎದುರುಬದುರು ತುದಿಗಳಲ್ಲಿರುತ್ತವೆ. ಋಣ ಅನುಪಾತಕ್ಕೆ ಎರಡು ವಿರುದ್ಧ ಅರ್ಥಗಳಿರುವುದು ಇದಕ್ಕಿಂತ ದೊಡ್ಡ ಅಪಾಯ. ₹6,000 ಉಳಿಸಿ 0.05 ಕ್ವಾಲಿ ಗಳಿಸಿದರೂ ಋಣ ₹1,20,000. ₹6,000 ಹೆಚ್ಚು ಖರ್ಚು ಮಾಡಿ 0.05 ಕ್ವಾಲಿ ಕಳೆದುಕೊಂಡರೂ ಋಣ ₹1,20,000. ಹೀಗಾಗಿ ಋಣ ಐಸರನ್ನು ಅಂಕಿಯಾಗಿ ಬರೆಯದೆ, 'ಕಡಿಮೆ ವೆಚ್ಚದಲ್ಲಿ ಹೆಚ್ಚು ಲಾಭ' ಅಥವಾ 'ಹೆಚ್ಚು ವೆಚ್ಚದಲ್ಲಿ ಕಡಿಮೆ ಲಾಭ' ಎಂದು ಮಾತಿನಲ್ಲಿಯೇ ಹೇಳುವುದು ವಾಡಿಕೆ.

ಆದ್ದರಿಂದ ವೆಚ್ಚದ ವ್ಯತ್ಯಾಸಕ್ಕೂ ಲಾಭದ ವ್ಯತ್ಯಾಸಕ್ಕೂ ಪ್ರತ್ಯೇಕವಾಗಿ ವ್ಯಾಪ್ತಿಯನ್ನು ಕೊಟ್ಟು, ಅನುಪಾತವನ್ನು ಬಿಂದು ಅಂದಾಜಾಗಿಯೇ ಉಳಿಸುವುದು ಮೇಲು. ಲಾಭದ ವ್ಯಾಪ್ತಿಯು ಸೊನ್ನೆಯಿಂದ ಬಹಳ ದೂರವಿದ್ದಾಗ ಮಾತ್ರ ಅನುಪಾತದ ವ್ಯಾಪ್ತಿಯನ್ನು ಕೊಟ್ಟರೆ ಅಡ್ಡಿಯಿಲ್ಲ. ಒಟ್ಟು ಅನಿಶ್ಚಿತತೆಯನ್ನು ತಿಳಿಸುವ ಕೆಲಸವನ್ನು ಮುಂದಿನ ಭಾಗದ ನಿವ್ವಳ ಲಾಭ ಮತ್ತು ಸಂಭವನೀಯತೆಗಳಿಗೆ ಬಿಡಬೇಕು.

ಲಾಭದ ವ್ಯಾಪ್ತಿಯು ಸೊನ್ನೆಯನ್ನು ಒಳಗೊಂಡಿರುವುದನ್ನು ಕಂಡು 'ಎರಡರ ನಡುವೆ ವ್ಯತ್ಯಾಸವಿಲ್ಲ, ಆದ್ದರಿಂದ ಅಗ್ಗದ್ದೇ ಸಾಕು' ಎಂದು ತೀರ್ಮಾನಿಸುವವರಿದ್ದಾರೆ. ಇದು ದತ್ತಾಂಶ ಹೇಳದ ಮಾತು. ಲಾಭವಿದೆ ಎಂಬುದರ ಸಂಭವ ಇಲ್ಲಿ ಶೇ. 95ರಷ್ಟಿದೆ, ವ್ಯತ್ಯಾಸ ಸಾಬೀತಾಗಿಲ್ಲ ಎಂಬುದೂ ವ್ಯತ್ಯಾಸ ಇಲ್ಲ ಎಂಬುದೂ ಒಂದೇ ಅಲ್ಲ.

## ತೆರಲು ಸಿದ್ಧವಿರುವ ಮೊತ್ತ

ಒಂದು ಕ್ವಾಲಿಗೆ ₹1,20,000 ಎಂಬುದು ದುಬಾರಿಯೋ ಅಗ್ಗವೋ ಎಂಬುದಕ್ಕೆ ಆ ಸಂಖ್ಯೆಯೊಳಗೆ ಉತ್ತರವಿಲ್ಲ. ಒಂದು ಹೆಚ್ಚಿನ ಕ್ವಾಲಿಗೆ ಸಮಾಜವಾಗಲಿ ಸರ್ಕಾರವಾಗಲಿ ಎಷ್ಟು ತೆರಲು ಸಿದ್ಧವಿದೆ ಎಂಬ ಮಿತಿ ಬೇಕು. ಈ ಮಿತಿಗಳು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನ ನೈಸ್ ಸಂಸ್ಥೆ ಬಹುಕಾಲ ಬಳಸಿದ್ದು £20,000ದಿಂದ £30,000ದ ಮಿತಿ. ಥೈಲೆಂಡಿನಲ್ಲಿ 1,60,000 ಬಾಟ್ ಎಂಬ ಮಿತಿ ಬಳಕೆಯಲ್ಲಿದೆ. ಭಾರತದಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯ ಅಧೀನದಲ್ಲಿ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನದ ವ್ಯವಸ್ಥೆಯೊಂದಿದ್ದು, ಇಲ್ಲಿನ ಅಧ್ಯಯನಗಳು ಸಾಮಾನ್ಯವಾಗಿ ತಲಾ ಆಂತರಿಕ ಉತ್ಪನ್ನವನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತವೆ.

ತಲಾ ಉತ್ಪನ್ನದ ಒಂದರಿಂದ ಮೂರು ಪಟ್ಟು ಎಂಬ ಸೂತ್ರವು ವಿಶ್ವ ಆರೋಗ್ಯ ಸಂಸ್ಥೆಯ ಸ್ಥೂಲ ಅರ್ಥಶಾಸ್ತ್ರ ಮತ್ತು ಆರೋಗ್ಯ ಆಯೋಗದ 2001ರ ವರದಿಯ ಮೂಲಕ ಹರಡಿತು. ಮೂರು ಪಟ್ಟಿನ ಒಳಗೆ ಬಂದುದನ್ನೆಲ್ಲ ಕಣ್ಣು ಮುಚ್ಚಿ ಒಪ್ಪುವ ಪರಿಪಾಠ ಬೆಳೆದುದರಿಂದ, ಅದೇ ಸಂಸ್ಥೆಗೆ ಸೇರಿದ ಲೇಖಕರು 2016ರಲ್ಲಿ ಸಂಸ್ಥೆಯ ಬುಲೆಟಿನ್ನಿನಲ್ಲಿ ಇದನ್ನು ಏಕೈಕ ಮಾನದಂಡವಾಗಿ ಬಳಸಬಾರದೆಂದು ಎಚ್ಚರಿಸಬೇಕಾಯಿತು. ಮಿತಿ ಎಂಬುದಕ್ಕೆ ಎರಡು ಭಿನ್ನ ಅರ್ಥಗಳಿರುವುದೇ ಇಲ್ಲಿನ ಗೊಂದಲದ ಮೂಲ. ಜನರು ಆರೋಗ್ಯಕ್ಕೆ ಎಷ್ಟು ಬೆಲೆ ಕಟ್ಟುತ್ತಾರೆ ಎಂಬುದು ಒಂದು ಅರ್ಥ. ಹೊಸದಕ್ಕೆ ಹಣ ಹೊಂದಿಸಲು ಈಗಿನ ಯಾವುದೋ ಸೇವೆಯನ್ನು ನಿಲ್ಲಿಸಿದಾಗ ಎಷ್ಟು ಆರೋಗ್ಯ ನಷ್ಟವಾಗುತ್ತದೆ ಎಂಬುದು ಇನ್ನೊಂದು. ಯಾರ್ಕ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲಾಕ್ಸ್ಟನ್ ಮತ್ತು ಸಂಗಡಿಗರು 2015ರಲ್ಲಿ ಈ ಎರಡನೆಯ ಅರ್ಥದಲ್ಲಿ ಇಂಗ್ಲೆಂಡಿನ ಆರೋಗ್ಯ ಸೇವೆಗೆ £12,936 ಎಂದು ಅಂದಾಜಿಸಿದರು. ನೈಸ್‌ನ ಕೆಳ ಮಿತಿಗಿಂತಲೂ ಅದು ಬಹಳ ಕಡಿಮೆ. ಹೀಗೆ ಮಿತಿಯೇ ವಿವಾದದಲ್ಲಿರುವಾಗ ಲೇಖಕರು ತಮಗೆ ಸರಿಕಂಡ ಒಂದೇ ಮಿತಿಯನ್ನು ಇಟ್ಟುಕೊಂಡು ತೀರ್ಪು ಕೊಡುವುದು ಉಚಿತವಲ್ಲ.

ಯುಕೆ ಬೀಮ್ ಅಧ್ಯಯನದ ಲೇಖಕರು ಈ ಬಗೆಯ ಷರತ್ತಿನ ಮಾತನ್ನೇ ಆಡಿದ್ದಾರೆ: ಆರೋಗ್ಯ ಸೇವೆಯು ಒಂದು ಕ್ವಾಲಿಗೆ ಕನಿಷ್ಠ £10,000 ತೆರಬಲ್ಲದಾದರೆ ಕೈಚಿಕಿತ್ಸೆಯೇ ಬಹುಶಃ ಉತ್ತಮ ಆಯ್ಕೆ. ಅದೇ ಅಂಕಿಗಳನ್ನು ಇನ್ನೂ ಬಿಡಿಸಿ ಹೇಳಬಹುದು. ಮಿತಿ £3,800ಕ್ಕಿಂತ ಕೆಳಗಿದ್ದರೆ ಉತ್ತಮ ಆರೈಕೆ ಮಾತ್ರ ಸಾಕು. £3,800ರಿಂದ £8,700ರ ನಡುವೆ ಇದ್ದರೆ ಸಂಯುಕ್ತ ಚಿಕಿತ್ಸೆ. ಅದಕ್ಕೂ ಮೇಲಿದ್ದರೆ ಕೈಚಿಕಿತ್ಸೆ. ಅಧಿಕಾರಿಯು ತನ್ನ ಮಿತಿಯನ್ನು ತಾನೇ ಇಟ್ಟು ಉತ್ತರವನ್ನು ಕಂಡುಕೊಳ್ಳುತ್ತಾನೆ.

ಪಾದದ ಆರೈಕೆಯ ಉದಾಹರಣೆಗೆ ಮರಳಿದರೆ, ಮಿತಿಯನ್ನು ₹2,00,000 ಎಂದು ಹಿಡಿಯೋಣ. ಆಗ 0.05 ಕ್ವಾಲಿಯ ಬೆಲೆ ₹10,000. ಅದರಲ್ಲಿ ₹6,000 ವೆಚ್ಚವನ್ನು ಕಳೆದರೆ ಪ್ರತಿ ರೋಗಿಗೆ ನಿವ್ವಳ ಲಾಭ ₹4,000. ಇದು ಭಾಗಾಕಾರವಲ್ಲದೆ ಬರಿಯ ಕೂಡು-ಕಳೆಯುವ ಲೆಕ್ಕವಾದ್ದರಿಂದ ಅನುಪಾತದ ಮೇಲೆ ಹೇಳಿದ ಯಾವ ತೊಡಕೂ ಇಲ್ಲ. ವೆಚ್ಚ ಮತ್ತು ಲಾಭದ ಅಂದಾಜುಗಳು ಪರಸ್ಪರ ಸ್ವತಂತ್ರವೆಂದು ಹಿಡಿದರೆ ಇದರ ವ್ಯಾಪ್ತಿ ಋಣ ₹8,500ರಿಂದ ₹16,500. ನಿವ್ವಳ ಲಾಭ ಸೊನ್ನೆಗಿಂತ ಹೆಚ್ಚಾಗಿರುವ ಸಂಭವ ಶೇ. 73. ಮಿತಿಯನ್ನು ₹1,00,000ಕ್ಕೆ ಇಳಿಸಿದರೆ ಅದು ಶೇ. 39, ₹3,00,000ಕ್ಕೆ ಏರಿಸಿದರೆ ಶೇ. 83. ಪ್ರತಿಯೊಂದು ಮಿತಿಗೂ ಹೀಗೆ ಸಂಭವವನ್ನು ಗುರುತಿಸುತ್ತ ಹೋದರೆ ದೊರೆಯುವ ರೇಖೆಗೆ ವೆಚ್ಚ-ಪರಿಣಾಮಕಾರಿತ್ವ ಸ್ವೀಕಾರ್ಯತೆಯ ವಕ್ರರೇಖೆ ಎನ್ನುತ್ತಾರೆ. ಇದು 1994ರಿಂದ ಬಳಕೆಯಲ್ಲಿದೆ. ಮಿತಿಯನ್ನು ಎಷ್ಟೇ ಏರಿಸಿದರೂ ಈ ರೇಖೆ ಶೇ. 100ನ್ನು ಮುಟ್ಟುವುದಿಲ್ಲ. ಲಾಭವೇ ಇಲ್ಲದಿರುವ ಶೇ. 5ರ ಸಂಭವವನ್ನು ಹಣ ತೊಡೆದುಹಾಕಲಾರದು.

ಶೇ. 73 ಎಂದರೆ ನೂರರಲ್ಲಿ 73 ರೋಗಿಗಳಿಗೆ ಗುಣ ಕಾಣುತ್ತದೆ ಎಂದಲ್ಲ. ಈ ತಪ್ಪು ತಿಳಿವಳಿಕೆ ಎಷ್ಟು ಸಾಮಾನ್ಯವೆಂದರೆ ಅದನ್ನು ನಿವಾರಿಸುವ ಅರ್ಧ ವಾಕ್ಯವನ್ನು ಕಂಡಿಕೆಯಲ್ಲಿಯೇ ಸೇರಿಸುವುದು ಒಳ್ಳೆಯದು. ಈಗಿನ ಪುರಾವೆಯ ಆಧಾರದಲ್ಲಿ ಕಾರ್ಯಕ್ರಮವನ್ನು ಆರಿಸಿಕೊಂಡರೆ ಆ ಆಯ್ಕೆ ತಪ್ಪಾಗಿ ಪರಿಣಮಿಸುವ ಸಂಭವ ಶೇ. 27 ಎಂಬುದು ಇದರ ಅರ್ಥ.

## ಕಂಡಿಕೆಯ ಮಾದರಿ

ಮೇಲಿನ ಕಲ್ಪಿತ ಅಂಕಿಗಳನ್ನು ಬಳಸಿ ನೀತಿ ನಿರೂಪಕರಿಗಾಗಿ ಬರೆದ ಕಂಡಿಕೆಯೊಂದು ಹೀಗಿರಬಹುದು:

> ಆರೋಗ್ಯ ಇಲಾಖೆಯ ದೃಷ್ಟಿಯಿಂದ, ಒಂದು ವರ್ಷದ ಅವಧಿಯಲ್ಲಿ, ದಾದಿಯರ ಪಾದ ಆರೈಕೆ ಕಾರ್ಯಕ್ರಮಕ್ಕೆ ಈಗಿನ ಪದ್ಧತಿಗಿಂತ ಪ್ರತಿ ರೋಗಿಗೆ ₹6,000 (ಶೇ. 95 ವ್ಯಾಪ್ತಿ ₹2,450ರಿಂದ ₹9,550) ಹೆಚ್ಚು ವೆಚ್ಚವಾಯಿತು, 0.05 (−0.01ರಿಂದ 0.11) ಕ್ವಾಲಿ ಹೆಚ್ಚು ದೊರೆಯಿತು. ಒಂದು ಹೆಚ್ಚುವರಿ ಕ್ವಾಲಿಯ ವೆಚ್ಚ ₹1,20,000. ಒಂದು ಕ್ವಾಲಿಗೆ ₹2,00,000 ತೆರಲು ಸಿದ್ಧವಿದ್ದರೆ ಪ್ರತಿ ರೋಗಿಗೆ ನಿವ್ವಳ ಲಾಭ ₹4,000 (ಋಣ ₹8,500ರಿಂದ ₹16,500), ಮತ್ತು ಕಾರ್ಯಕ್ರಮವು ಈಗಿನ ಪದ್ಧತಿಗಿಂತ ಉತ್ತಮ ಆಯ್ಕೆಯಾಗಿರುವ ಸಂಭವ ಶೇ. 73. ₹1,00,000ದ ಮಿತಿಯಲ್ಲಿ ಈ ಸಂಭವ ಶೇ. 39, ₹3,00,000ದಲ್ಲಿ ಶೇ. 83. ₹2,00,000ದ ಮಿತಿಯಲ್ಲಿ, ಲಾಭವು 0.03 ಕ್ವಾಲಿಗಿಂತ ಕಡಿಮೆಯಾದರೆ ಅಥವಾ ಹೆಚ್ಚುವರಿ ವೆಚ್ಚವು ₹10,000ವನ್ನು ಮೀರಿದರೆ ತೀರ್ಮಾನ ಬದಲಾಗುತ್ತದೆ.

ವಾಕ್ಯಗಳ ಕ್ರಮಕ್ಕೆ ಕಾರಣವಿದೆ. ಯಾರ ಹಣ, ಎಷ್ಟು ಕಾಲ, ಯಾವುದರೊಂದಿಗೆ ಹೋಲಿಕೆ ಎಂಬುದು ಮೊದಲು ಬರುತ್ತದೆ. ಅದಿಲ್ಲದೆ ಮುಂದಿನ ಅಂಕಿಗಳನ್ನು ಬೇರೆ ಅಧ್ಯಯನಗಳೊಂದಿಗೆ ಇಟ್ಟು ನೋಡಲಾಗದು. ರೋಗಿಯ ಪ್ರಯಾಣದ ಖರ್ಚು ಮತ್ತು ಕೂಲಿಯ ನಷ್ಟವನ್ನು ಸೇರಿಸಿದ್ದರೆ ₹6,000 ಬೇರೆಯೇ ಆಗುತ್ತಿತ್ತು. ಅನಂತರ ವೆಚ್ಚ, ಲಾಭ, ಅವುಗಳಿಂದ ಅನುಪಾತ. ಓದುಗರು ಕಾಗದದ ಅಂಚಿನಲ್ಲಿಯೇ ಭಾಗಿಸಿ ಪರೀಕ್ಷಿಸಬಹುದು. 'ವೆಚ್ಚ-ಪರಿಣಾಮಕಾರಿ' ಎಂಬ ವಿಶೇಷಣ ಇಡೀ ಕಂಡಿಕೆಯಲ್ಲಿ ಎಲ್ಲಿಯೂ ಬರಿದಾಗಿ ಬಂದಿಲ್ಲ. ಪ್ರತಿ ತೀರ್ಮಾನವೂ ಒಂದು ಮಿತಿಗೆ ಅಂಟಿಕೊಂಡಿದೆ. ಕೊನೆಯ ವಾಕ್ಯವು ಆಡಳಿತಗಾರರಿಗೆ ಎಲ್ಲಕ್ಕಿಂತ ಉಪಯುಕ್ತ. ದಾದಿಯರ ವೇತನ ಏರಿದರೆ ಏನಾಗುತ್ತದೆ ಎಂಬ ಪ್ರಶ್ನೆ ಸಭೆಯಲ್ಲಿ ಬಂದೇ ಬರುತ್ತದೆ, ಅದಕ್ಕೆ ಇಲ್ಲಿ ನೇರ ಉತ್ತರವಿದೆ. 0.03 ಎಂಬ ಗಡಿಯು ಲಾಭದ ವ್ಯಾಪ್ತಿಯ ಒಳಗೇ ಬಿದ್ದಿರುವುದರಿಂದ ಇದು ದೂರದ ಆತಂಕವಲ್ಲ ಎಂಬುದೂ ತಿಳಿಯುತ್ತದೆ.

ಆರೋಗ್ಯ ಆರ್ಥಿಕ ಮೌಲ್ಯಮಾಪನಗಳ ವರದಿಗಾಗಿ ರೂಪಿಸಿದ ಚಿಯರ್ಸ್ ಮಾರ್ಗಸೂಚಿ 2013ರಲ್ಲಿ ಪ್ರಕಟವಾಗಿ 2022ರಲ್ಲಿ ಪರಿಷ್ಕೃತವಾಯಿತು. ಅದರ 28 ಅಂಶಗಳಲ್ಲಿ ದೃಷ್ಟಿಕೋನ, ಕಾಲಾವಧಿ, ವಟ್ಟದ ದರ, ಕರೆನ್ಸಿ ಮತ್ತು ಬೆಲೆಗಳ ವರ್ಷ ಇವೆಲ್ಲ ಸೇರಿವೆ. ಒಂದು ವರ್ಷದೊಳಗಿನ ಅಧ್ಯಯನಕ್ಕೆ ವಟ್ಟ ಕಳೆಯುವ ಅಗತ್ಯವಿಲ್ಲ. ಹಲವು ವರ್ಷಗಳ ಲೆಕ್ಕವಾದರೆ ದರವನ್ನು ಹೇಳದೆ ಬಿಡುವಂತಿಲ್ಲ.

## ಅನುಪಾತ ಹೇಳದ ಸಂಗತಿ

ಐಸರ್ ದರವನ್ನು ಹೇಳುತ್ತದೆ. ಒಟ್ಟು ಬಿಲ್ಲನ್ನು ಹೇಳುವುದಿಲ್ಲ. ಮೇಲಿನ ಕಾರ್ಯಕ್ರಮವನ್ನು 10,000 ರೋಗಿಗಳಿಗೆ ಒದಗಿಸಿದರೆ ಹೆಚ್ಚುವರಿ ವೆಚ್ಚ ₹6 ಕೋಟಿ, ನಿರೀಕ್ಷಿತ ಲಾಭ 500 ಕ್ವಾಲಿ; ಒಂದು ಲಕ್ಷ ರೋಗಿಗಳಿಗಾದರೆ ₹60 ಕೋಟಿ. ಅನುಪಾತ ಎರಡರಲ್ಲಿಯೂ ಒಂದೇ. ಆದರೆ ವರ್ಷದ ಅನುದಾನದಲ್ಲಿ ಮೊದಲನೆಯದಕ್ಕೆ ಸ್ಥಳವಿದ್ದು ಎರಡನೆಯದಕ್ಕೆ ಇಲ್ಲದಿರಬಹುದು. ಆದ್ದರಿಂದ ಆಯವ್ಯಯದ ಮೇಲಿನ ಪರಿಣಾಮವನ್ನು ಪ್ರತ್ಯೇಕ ಕಂಡಿಕೆಯಲ್ಲಿ ಬರೆಯುತ್ತಾರೆ. ಲಾಭವು ಯಾರಿಗೆ ಸೇರುತ್ತದೆ ಎಂಬುದೂ ಅನುಪಾತದಲ್ಲಿ ಕಾಣುವುದಿಲ್ಲ. 500 ಕ್ವಾಲಿಯು ಪಟ್ಟಣದ ಆಸ್ಪತ್ರೆಗೆ ಸುಲಭವಾಗಿ ಬರಬಲ್ಲವರಿಗೇ ದೊರೆತರೂ, ಬಸ್ಸಿಲ್ಲದ ಹಳ್ಳಿಯವರಿಗೆ ದೊರೆತರೂ ಲೆಕ್ಕದಲ್ಲಿ ಅದು 500 ಕ್ವಾಲಿಯೇ. 2022ರ ಚಿಯರ್ಸ್ ಪರಿಷ್ಕರಣೆಯು ಈ ಹಂಚಿಕೆಯ ಪರಿಣಾಮಗಳನ್ನು ಪ್ರತ್ಯೇಕವಾಗಿ ವರದಿ ಮಾಡಬೇಕೆಂದು ಕೇಳುತ್ತದೆ.